ಮೊಲದ ಕಥೆಯನ್ನು ಬಿಡಬೇಕೆ, ಇಡಬೇಕೆ? ಉಪನ್ಯಾಸದ ಸಾರಾಂಶ ಬರೆಯುವ ಬಗೆ

ಭಾಷಣವೆಂಬುದು ಹೊಳೆಯ ಹಾಗೆ ಹರಿಯುತ್ತದೆ. ಬರಹ ಕಾಲುವೆಯ ಹಾಗೆ ಸಾಗಬೇಕಾಗುತ್ತದೆ. ಹೊಳೆಗೆ ಸುಳಿಯಿದೆ, ಮಡುವಿದೆ, ಬಂದ ದಾರಿಗೇ ಮತ್ತೆ ತಿರುಗುವ ಬಳಸಿದೆ. ಅದನ್ನು ಕಾಲುವೆಗೆ ತಿರುಗಿಸುವಾಗ ನೀರು ಸೋರಿಹೋಗದಂತೆ ನೋಡಿಕೊಳ್ಳುವುದೇ ಸಾರಾಂಶ ಬರೆಯುವವನ ಕೆಲಸ. ಹೇಳುವುದಕ್ಕೆ ಸುಲಭವಾದ ಈ ಕೆಲಸ ಮಾಡಲು ಕೂತಾಗ ಎಷ್ಟು ಕಠಿಣವೆಂಬುದು ವಿಚಾರಗೋಷ್ಠಿಯ ವರದಿ ಬರೆದವರಿಗೆಲ್ಲ ಗೊತ್ತಿರುವ ಸಂಗತಿ.

ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರುಗಳ ಸೀಮೆಯಲ್ಲಿ ಈ ಕೆಲಸಕ್ಕೆ ವಿಶೇಷ ಸಂದರ್ಭವಿದೆ. ಇಲ್ಲಿ ಇತಿಹಾಸವನ್ನು ಕುರಿತು ಮಾತಾಡುವವರು ಬಹಳ, ಕೇಳುವವರೂ ಬಹಳ. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಆರಂಭವಾಯಿತು. ಅದರ ಪ್ರಕಟಣ ವಿಭಾಗಕ್ಕೆ ಪ್ರಸಾರಾಂಗವೆಂದೇ ಹೆಸರು. ಹೇಳಿದ್ದನ್ನು ಅಚ್ಚಿಗೆ ಇಳಿಸಿ ಜನರಿಗೆ ಮುಟ್ಟಿಸಬೇಕೆಂಬ ಆಶಯ ಆ ಹೆಸರಿನಲ್ಲೇ ಇದೆ. ಆದರೆ ಈ ಸೀಮೆಯ ಇತಿಹಾಸದಲ್ಲಿ ಶಾಸನ, ಕಾವ್ಯ, ಐತಿಹ್ಯ, ಲಾವಣಿ ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡಿವೆ. ವೇದಿಕೆಯ ಮೇಲೆ ನಿಂತವರು ಒಂದೇ ಉಸಿರಿನಲ್ಲಿ ಶಾಸನವನ್ನೂ ಮೊಲದ ಕಥೆಯನ್ನೂ ಹೇಳುತ್ತಾರೆ. ಕೇಳುವವರಿಗೆ ದನಿಯ ಏರಿಳಿತದಿಂದಲೇ ಯಾವುದು ಯಾವುದೆಂದು ತಿಳಿಯುತ್ತದೆ. ಕಾಗದದ ಮೇಲೆ ಆ ದನಿ ಇರುವುದಿಲ್ಲ. ಸಾರಾಂಶ ಬರೆದವನು ಎಚ್ಚರ ತಪ್ಪಿದರೆ ನಿನ್ನೆಯ ಐತಿಹ್ಯ ಇವತ್ತಿನ ಪತ್ರಿಕೆಯಲ್ಲಿ ಇತಿಹಾಸವಾಗಿ ಮೂಡುತ್ತದೆ. ನಾಳೆ ಅದನ್ನೇ ಆಧಾರವಾಗಿ ತೋರಿಸುವವರು ಹುಟ್ಟಿಕೊಳ್ಳುತ್ತಾರೆ.

ಒಂದು ಮಾದರಿ ಉಪನ್ಯಾಸ

ವಿಷಯ ಸ್ಪಷ್ಟವಾಗಲು ಒಂದು ಉಪನ್ಯಾಸವನ್ನು ಕಲ್ಪಿಸಿಕೊಳ್ಳೋಣ. ಹೊಸಪೇಟೆಯ ಒಂದು ಸಭೆ. ವಿಷಯ ‘ವಿಜಯನಗರಕ್ಕೆ ಮುಂಚಿನ ಹಂಪಿ’. ಉಪನ್ಯಾಸಕರೂ ಸಭೆಯೂ ಕಾಲ್ಪನಿಕ. ಅವರು ಬಳಸುವ ಆಧಾರಗಳು ಮಾತ್ರ ನಿಜವಾದವು. ಒಂದು ತಾಸಿನ ಮಾತನ್ನು ಯಾರೋ ಮೊಬೈಲಿನಲ್ಲಿ ಮುದ್ರಿಸಿಕೊಂಡು ಅಕ್ಷರಕ್ಕೆ ಇಳಿಸಿದ್ದಾರೆ. ನಿಮಿಷಕ್ಕೆ ಎಂಬತ್ತು ಪದ ಹಿಡಿದರೂ ಅದು ಐದು ಸಾವಿರ ಪದಗಳ ಹತ್ತಿರ ಬರುತ್ತದೆ. ಅದನ್ನು ನೂರೈವತ್ತು ಪದಗಳ ಒಳಗೆ ಹೇಳಬೇಕಾಗಿದೆ.

ಭಾಷಣ ಹೀಗೆ ಸಾಗುತ್ತದೆ. ಮೊದಲು ವಂದನೆ, ಆಮೇಲೆ ಮೊಲದ ಕಥೆ. ಬೇಟೆಗೆ ಹೋದ ಅರಸನ ನಾಯಿಗಳನ್ನು ಒಂದು ಮೊಲ ತಿರುಗಿ ಕಚ್ಚಿತು. ಇದು ಗಂಡುಮೆಟ್ಟಿನ ನೆಲ, ಇಲ್ಲಿ ಪಟ್ಟಣ ಕಟ್ಟು ಎಂದು ಮುನಿಯೊಬ್ಬ ಹೇಳಿದ. ಈ ಬಗೆಯ ಕಥೆಯನ್ನು 16ನೆಯ ಶತಮಾನದ ಪೋರ್ಚುಗೀಸ ನೂನಿಜ್ ಕೂಡ ಬರೆದಿಟ್ಟಿದ್ದಾನೆ. ಉಪನ್ಯಾಸಕರು ಅದನ್ನು ಹತ್ತು ನಿಮಿಷ ರಸವತ್ತಾಗಿ ಹೇಳುತ್ತಾರೆ, ಸಭೆ ನಗುತ್ತದೆ. ನಂತರ 12ನೆಯ ಶತಮಾನದ ಕೊನೆಯ ಹೊತ್ತಿಗೇ ಇಲ್ಲಿ ವಿರೂಪಾಕ್ಷನ ಹೆಸರು ಹೇಳುವ ಶಾಸನವಿರುವುದು, ಆ ಕಾಲದ ಸುಮಾರಿಗೇ ಕವಿ ಹರಿಹರ ಹಂಪಿಯಲ್ಲಿದ್ದು ಕಾವ್ಯ ಬರೆದದ್ದು ಬರುತ್ತವೆ. ಅಲ್ಲಿಂದ ಮಾತು ಕಂಪ್ಲಿಗೆ ಹೊರಳುತ್ತದೆ. 11ನೆಯ ಶತಮಾನದಲ್ಲಿ ಅಲ್ಲಿ ಚಾಲುಕ್ಯರ ಅರಮನೆಯಿತ್ತು, ಅದನ್ನು ಕೆಡವಿದೆನೆಂದು ಚೋಳ ರಾಜಾಧಿರಾಜನ ಶಾಸನಗಳು ಹೇಳುತ್ತವೆ ಎನ್ನುತ್ತಾರೆ. ಕಂಪ್ಲಿಯೆಂದ ಮೇಲೆ ಕಬ್ಬು ಬರಬೇಕು, ಬೆಲ್ಲ ಬರಬೇಕು. ಅದಕ್ಕೆ ಐದು ನಿಮಿಷ.

ಬಳಿಕ ಕಂಪಿಲಿಯ ಅರಸರು. ಮುಮ್ಮಡಿ ಸಿಂಗೆಯ ನಾಯಕನ ಮಗ ಕಂಪಿಲದೇವ ಹಂಪಿಯ ಹೇಮಕೂಟದ ಮೇಲೆ ಮೂರು ಗರ್ಭಗುಡಿಗಳ ಶಿವಾಲಯ ಕಟ್ಟಿಸಿದ. ಅದರ ಶಾಸನ ಇಂದಿಗೂ ಇದೆ. ಅವನ ಮಗನೇ ಕುಮಾರರಾಮ. ಇಲ್ಲಿ ಉಪನ್ಯಾಸಕರು ಹೊಸಮಲೆದುರ್ಗದ ನೆಪದಲ್ಲಿ ಸಂಡೂರಿನ ಕಾಡಿಗೆ ಹೋಗುತ್ತಾರೆ. ಕುಮಾರಸ್ವಾಮಿ ಬೆಟ್ಟ, ಗಣಿ, ಕುಮಾರರಾಮನ ಹಾಡು ಎಲ್ಲವನ್ನೂ ಸುತ್ತಿ 1327ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕನ ಸೈನ್ಯದಿಂದ ಕಂಪಿಲಿ ಬಿದ್ದುದಕ್ಕೆ ಬಂದು ನಿಲ್ಲುತ್ತಾರೆ. ಅಲ್ಲಿಂದ 1336, ಹರಿಹರ, ಬುಕ್ಕ. ಕೊನೆಗೆ ಮೊಲದ ಕಥೆಗೆ ಮತ್ತೆ ಬಂದು, ‘ಆ ಕಥ್ಯಾಗ ಊರಿಲ್ಲ, ಗುಡಿಯಿಲ್ಲ, ನೋಡಿದಿರೇನ್ರಿ?’ ಎಂದು ಕೇಳಿ ಮುಗಿಸುತ್ತಾರೆ. ವಂದನಾರ್ಪಣೆಗೆ ಮುಂಚೆ ಎರಡು ಪ್ರಶ್ನೆ, ಎರಡು ಉತ್ತರ.

ಇದರ ನಡುವೆ ‘ವಿಜಯನಗರಕ್ಕೂ ಮುಂಚೆ ಹಂಪಿ ಇತ್ತು’ ಎಂಬ ಮಾತು ಬೇರೆ ಬೇರೆ ರೂಪದಲ್ಲಿ ನಾಲ್ಕು ಸಲ ಬಂದಿದೆ.

ಕೆಟ್ಟ ಸಾರಾಂಶ ಹುಟ್ಟುವ ಬಗೆ

ಅನುಭವವಿಲ್ಲದವರು ಭಾಷಣದ ಮೊದಲಿನಿಂದ ಆರಂಭಿಸಿ ಪ್ರತಿ ಪುಟದಿಂದ ಒಂದೊಂದು ವಾಕ್ಯ ಆರಿಸುತ್ತಾರೆ. ಆಗ ಸಿಗುವ ಸಾರಾಂಶ ಹೆಚ್ಚುಕಡಿಮೆ ಹೀಗಿರುತ್ತದೆ:

‘ಮೊಲವೊಂದು ನಾಯಿಗಳನ್ನು ಅಟ್ಟಿದ ಸ್ಥಳದಲ್ಲಿ ವಿಜಯನಗರ ಸ್ಥಾಪನೆಯಾಯಿತು. ಹರಿಹರನು ಹಂಪಿಯಲ್ಲಿ ಕಾವ್ಯಗಳನ್ನು ರಚಿಸಿದನು. ಕಂಪ್ಲಿಯು ಪ್ರಾಚೀನ ಪಟ್ಟಣವಾಗಿದ್ದು ಕಬ್ಬಿಗೆ ಹೆಸರಾಗಿದೆ. ಕುಮಾರರಾಮನು ವೀರನಾಗಿದ್ದನು. ಸಂಡೂರು ಗಣಿಗಳಿಗೆ ಪ್ರಸಿದ್ಧವಾಗಿದೆ. 1336ರಲ್ಲಿ ಹರಿಹರ, ಬುಕ್ಕರು ಸಾಮ್ರಾಜ್ಯ ಕಟ್ಟಿದರು. ಹಂಪಿಯು ಬಹಳ ಹಳೆಯ ಕ್ಷೇತ್ರವೆಂದು ಉಪನ್ಯಾಸಕರು ಒತ್ತಿ ಹೇಳಿದರು.’

ಇದರಲ್ಲಿ ಬಿಡಿ ಬಿಡಿಯಾಗಿ ನೋಡಿದರೆ ಬಹುಪಾಲು ವಾಕ್ಯಗಳು ಭಾಷಣದಲ್ಲಿ ಬಂದವೇ. ಆದರೂ ಓದಿದವನಿಗೆ ಉಪನ್ಯಾಸಕರು ಏನನ್ನು ಸಾಧಿಸಲು ಹೊರಟಿದ್ದರೆಂಬುದು ತಿಳಿಯುವುದಿಲ್ಲ. ಅದಕ್ಕಿಂತ ಕೆಡುಕೆಂದರೆ ಉಪನ್ಯಾಸಕರು ಯಾವ ಕಥೆಯನ್ನು ಪ್ರಶ್ನಿಸಿದರೋ ಅದೇ ಕಥೆ ಅವರ ಹೆಸರಿನಲ್ಲಿ ಸತ್ಯವಾಗಿ ಮೊದಲ ವಾಕ್ಯದಲ್ಲಿ ಕೂತಿದೆ. ಕವಿ ಹರಿಹರನೂ ಅರಸ ಹರಿಹರನೂ ಒಬ್ಬನೇ ಎಂಬ ಭ್ರಮೆಗೂ ದಾರಿಯಾಗಿದೆ. ಇವರಿಬ್ಬರ ನಡುವೆ ನೂರು ವರ್ಷಕ್ಕೂ ಹೆಚ್ಚಿನ ಅಂತರವಿದೆ. ಉಪನ್ಯಾಸಕರ ವಾದ ನಿಂತಿರುವುದೇ ಆ ಅಂತರದ ಮೇಲೆ.

ಅಂಚಿನಲ್ಲಿ ಬರೆಯುವ ಗುರುತು

ಬಲ್ಲವರು ಅನುಸರಿಸುವ ಕ್ರಮ ಬೇರೆ. ಅಕ್ಷರಕ್ಕಿಳಿದ ಭಾಷಣವನ್ನು ಮೊದಲು ಪ್ಯಾರಾಗಳಾಗಿ ಒಡೆದು ಸಂಖ್ಯೆ ಹಾಕಬೇಕು. ನಮ್ಮ ಉಪನ್ಯಾಸದಲ್ಲಿ ಸುಮಾರು ನಲವತ್ತು ಪ್ಯಾರಾ ಆದಾವು. ಆಮೇಲೆ ಪ್ರತಿ ಪ್ಯಾರಾದ ಅಂಚಿನಲ್ಲಿ ಒಂದು ಗುರುತು ಬರೆಯಬೇಕು. ಆ ಪ್ಯಾರಾ ಏನು ಹೇಳುತ್ತದೆ ಎಂಬುದನ್ನಲ್ಲ, ಭಾಷಣದಲ್ಲಿ ಅದು ಏನು ಕೆಲಸ ಮಾಡುತ್ತದೆ ಎಂಬುದನ್ನು. ‘ವಾದ’, ‘ಆಧಾರ’, ‘ಎದುರು ವಾದ’, ‘ಮಿತಿ’, ‘ಮತ್ತೆ ಹೇಳಿದ್ದು’, ‘ಅಡ್ಡ ಮಾತು’ ಎಂಬ ಆರು ಗುರುತುಗಳು ಸಾಕು. ಎಲ್ಲಿ ಸೇರುತ್ತದೆಂದು ತಿಳಿಯದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗುವುದು ಒಳ್ಳೆಯದು. ಮೊದಲ ಓದಿನಲ್ಲೇ ಮೊಲದ ಕಥೆಗೆ ‘ಅಡ್ಡ ಮಾತು’ ಎಂದು ಬರೆದುಬಿಟ್ಟವನು ಕೊನೆಯ ಪುಟದಲ್ಲಿ ಅದನ್ನು ಅಳಿಸಬೇಕಾಗುತ್ತದೆ.

ಈ ಕೆಲಸ ಮುಗಿದ ಮೇಲೆ ‘ಭಾಷಣ ಯಾವ ಪ್ರಶ್ನೆಗೆ ಉತ್ತರ?’ ಎಂದು ಕೇಳಿಕೊಳ್ಳಬೇಕು. ಶೀರ್ಷಿಕೆ ವಿಷಯವನ್ನು ಹೇಳುತ್ತದೆಯೇ ಹೊರತು ಪ್ರಶ್ನೆಯನ್ನಲ್ಲ. ‘ವಿಜಯನಗರಕ್ಕೆ ಮುಂಚಿನ ಹಂಪಿ’ ಎಂಬುದು ವಿಷಯ. ‘ವಿಜಯನಗರದ ಅರಸರು ಬರಿಯ ಕಾಡಿನಲ್ಲಿ ಪಟ್ಟಣ ಕಟ್ಟಿದರೋ, ಆಗಲೇ ಹೆಸರಾಗಿದ್ದ ಜಾಗವನ್ನು ಆರಿಸಿಕೊಂಡರೋ?’ ಎಂಬುದು ಪ್ರಶ್ನೆ. ಈ ಪ್ರಶ್ನೆ ಕೈಗೆ ಸಿಕ್ಕಿತೆಂದರೆ ಶಾಸನ, ಕವಿ, ಕಂಪ್ಲಿ, ಹೇಮಕೂಟ ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಬಂದು ಕೂಡುತ್ತವೆ. ಸಿಗದಿದ್ದರೆ ಅವು ಸಂತೆಯಲ್ಲಿ ಹರವಿದ ಸಾಮಾನಿನಂತೆ ಉಳಿಯುತ್ತವೆ.

ಒಂದೇ ಮಾತು, ನಾಲ್ಕು ಸಲ

ಪುನರುಕ್ತಿಯನ್ನು ಕಂಡೊಡನೆ ಒಂದನ್ನಿಟ್ಟು ಉಳಿದದ್ದನ್ನು ಹೊಡೆದುಹಾಕುವುದು ಸಾಮಾನ್ಯ ಅಭ್ಯಾಸ. ಇದು ಅಪಾಯದ ಅಭ್ಯಾಸ. ಮಾತುಗಾರ ಒಂದೇ ಸಂಗತಿಯನ್ನು ಮತ್ತೆ ಹೇಳುವುದಕ್ಕೆ ಮೂರು ಕಾರಣಗಳಿರುತ್ತವೆ. ತಡವಾಗಿ ಬಂದವರಿಗಾಗಿ, ಕಿವಿಗೆ ನಾಟಲೆಂದು ಹೇಳುವುದು ಒಂದು. ಹೊಸ ಆಧಾರವೊಂದು ಸಿಕ್ಕಿದ ಮೇಲೆ ಹಳೆಯ ಮಾತಿಗೆ ಅದನ್ನು ಜೋಡಿಸಲು ಹೇಳುವುದು ಎರಡನೆಯದು. ಮೊದಲು ಹೇಳಿದ್ದು ಸ್ವಲ್ಪ ಹೆಚ್ಚಾಯಿತು ಎನಿಸಿ ಅದನ್ನು ಹದಕ್ಕೆ ತರಲು ಹೇಳುವುದು ಮೂರನೆಯದು. ಮೊದಲನೆಯದನ್ನು ಬಿಡಬಹುದು. ಎರಡನೆಯದರಲ್ಲಿ ಹೊಸದನ್ನು ಮಾತ್ರ ಎತ್ತಿಕೊಳ್ಳಬೇಕು. ಮೂರನೆಯದನ್ನು ಬಿಟ್ಟರೆ ಉಪನ್ಯಾಸಕರು ಹಿಂತೆಗೆದುಕೊಂಡ ಮಾತನ್ನೇ ಅವರ ಬಾಯಿಗೆ ತುರುಕಿದಂತಾಗುತ್ತದೆ.

ಇವನ್ನು ಬೇರ್ಪಡಿಸಲು ಸುಲಭವಾದ ಉಪಾಯವೆಂದರೆ ಆ ನಾಲ್ಕು ವಾಕ್ಯಗಳನ್ನು ಒಂದು ಹಾಳೆಯ ಮೇಲೆ ಒಂದರ ಕೆಳಗೊಂದು ಬರೆದುಕೊಳ್ಳುವುದು. ನಮ್ಮ ಉಪನ್ಯಾಸದಲ್ಲಿ ಅವು ಹೀಗಿವೆ. ಮೊದಲ ಸಲ: ‘ವಿಜಯನಗರಕ್ಕೂ ಮುಂಚೆ ಹಂಪಿ ಇತ್ತು.’ ಎರಡನೆಯ ಸಲ: ‘ಹಂಪಿ ಆಗಲೇ ಇತ್ತು, ಮರೀಬ್ಯಾಡ್ರಿ.’ ಮೂರನೆಯ ಸಲ, ಹೇಮಕೂಟದ ಗುಡಿಯ ಬಳಿಕ: ‘ಹಂಪಿ ಆಗಲೇ ಇತ್ತು, ದೊಡ್ಡ ಪಟ್ಟಣ ಅಂತ ಅಲ್ಲ, ಅರಸರೂ ಬಂದು ಗುಡಿ ಕಟ್ಟಿಸುವಂಥ ಕ್ಷೇತ್ರ.’ ನಾಲ್ಕನೆಯ ಸಲ, 1336ರ ಮಾತು ಬಂದಾಗ: ‘ಕ್ಷೇತ್ರ ಇತ್ತು ಅಂತಷ್ಟೇ ರಾಜಧಾನಿ ಆಗಲಿಲ್ಲ, ಹೊಳಿ ಇತ್ತು, ಗುಡ್ಡ ಇತ್ತು, ಅದೂ ಸೇರಿತು.’

ಒಟ್ಟಿಗೆ ಇಟ್ಟು ನೋಡಿದಾಗ ಎರಡನೆಯದು ಬರಿಯ ಒತ್ತು ಎಂಬುದು ಕಾಣುತ್ತದೆ. ಮೂರನೆಯದು ಹೊಸ ಆಧಾರವನ್ನೂ ತಂದಿದೆ, ಮಾತನ್ನು ಹದಕ್ಕೂ ತಂದಿದೆ. ನಾಲ್ಕನೆಯದು ಅದನ್ನು ಇನ್ನೂ ಬಿಗಿಗೊಳಿಸಿದೆ. ಹೀಗಿರುವಾಗ ಸಾರಾಂಶದಲ್ಲಿ ಬರಬೇಕಾದದ್ದು ಮೊದಲ ವಾಕ್ಯವಲ್ಲ, ಕೊನೆಯ ಎರಡು. ಚಿಕ್ಕದಾಗಿ ಚೊಕ್ಕವಾಗಿರುವುದರಿಂದ ಕಣ್ಣಿಗೆ ಮೊದಲನೆಯದೇ ಬೀಳುತ್ತದೆ. ಪತ್ರಿಕೆಯ ತಲೆಬರಹವಾಗುವುದೂ ಅದೇ. ಆದರೆ ಅದು ಉಪನ್ಯಾಸಕರು ಹೊರಟ ಊರೇ ಹೊರತು ತಲುಪಿದ ಊರಲ್ಲ.

ಅಡ್ಡ ಮಾತಿನ ಪರೀಕ್ಷೆ

ಅಡ್ಡ ಮಾತುಗಳನ್ನು ಬಿಡುವುದೋ ಇಡುವುದೋ ಎಂಬುದಕ್ಕೆ ಅವುಗಳ ಉದ್ದ ಅಳತೆಗೋಲಲ್ಲ, ಅವು ಎಷ್ಟು ಸ್ವಾರಸ್ಯವಾಗಿವೆ ಎಂಬುದೂ ಅಲ್ಲ. ಆ ಭಾಗವನ್ನು ಕೈಯಿಂದ ಮುಚ್ಚಿ ಮುಂದಿನ ಪುಟಗಳನ್ನು ಓದಬೇಕು. ಮುಂದೆ ಎಲ್ಲಿಯಾದರೂ ಒಂದು ವಾಕ್ಯ ಕಾಲಿಲ್ಲದೆ ನಿಂತರೆ, ಮುಚ್ಚಿದ ಭಾಗ ಅಡ್ಡ ಮಾತಲ್ಲ.

ಕಂಪ್ಲಿಯ ಬೆಲ್ಲವನ್ನು ಮುಚ್ಚಿ ನೋಡಿದರೆ ಏನೂ ಕುಸಿಯುವುದಿಲ್ಲ, ಅದನ್ನು ಬಿಡಬಹುದು. ಸಂಡೂರಿನ ಗಣಿಯದೂ ಹಾಗೇ. ಆದರೆ ಅದೇ ಪ್ಯಾರಾದೊಳಗೆ ಹೊಸಮಲೆದುರ್ಗದ ಒಂದು ವಾಕ್ಯ ಸಿಕ್ಕಿಕೊಂಡಿದೆ. ಕಂಪಿಲಿಯ ಅರಸರ ಆಳ್ವಿಕೆ ಒಂದು ಊರಿಗೆ ಸೀಮಿತವಾಗಿರಲಿಲ್ಲ, ಸುತ್ತಲ ಬೆಟ್ಟದುರ್ಗಗಳ ಮೇಲೆ ನಿಂತಿತ್ತು ಎಂಬುದಕ್ಕೆ ಅದು ಬೇಕು. ನದಿ ಮತ್ತು ಗುಡ್ಡಗಳೂ ಕಾರಣವೆಂಬ ನಾಲ್ಕನೆಯ ಸಲದ ಮಾತಿಗೆ ಬೆಂಬಲ ಅಲ್ಲಿಂದ ಬರುತ್ತದೆ. ಪ್ಯಾರಾವನ್ನು ಇಡಿಯಾಗಿ ಕತ್ತರಿಸಿದವನು ಈ ವಾಕ್ಯವನ್ನೂ ಕಳೆದುಕೊಳ್ಳುತ್ತಾನೆ.

ಇನ್ನು ಮೊಲ. ಹತ್ತು ನಿಮಿಷದ ಕಥೆ, ಸಭೆಯನ್ನು ಹಿಡಿದಿಡಲು ಹೇಳಿದ್ದೆಂದು ಯಾರಿಗಾದರೂ ತೋರುತ್ತದೆ. ಆದರೆ ಅದನ್ನು ಮುಚ್ಚಿದರೆ ಭಾಷಣದ ಕೊನೆಯ ಪ್ರಶ್ನೆ ಗಾಳಿಯಲ್ಲಿ ತೇಲುತ್ತದೆ. ಕಥೆಯಲ್ಲಿ ಬರಿಯ ಬೇಟೆಯ ಕಾಡಿದೆ, ಊರಿಲ್ಲ, ಗುಡಿಯಿಲ್ಲ. ಶಾಸನಗಳಲ್ಲಿ ಗುಡಿಯಿದೆ, ದೇವರಿದ್ದಾನೆ, ದಾನ ಕೊಟ್ಟವರಿದ್ದಾರೆ. ಆದ್ದರಿಂದ ಕಥೆ ಪಟ್ಟಣದ ಹಿರಿಮೆಗಾಗಿ ಹುಟ್ಟಿದ್ದು, ಜಾಗದ ವರ್ಣನೆಗಾಗಿ ಅಲ್ಲ ಎಂಬುದು ಉಪನ್ಯಾಸಕರ ತರ್ಕ. ಇಂಥದೇ ಮೊಲದ ಕಥೆ ಗುಜರಾತಿನ ಅಹಮದಾಬಾದಿಗೂ ಇದೆ ಎಂದು ಅವರು ಸೇರಿಸಿದ್ದೂ ಇದಕ್ಕಾಗಿಯೇ. ಅಂದರೆ ಮೊಲ ಇಲ್ಲಿ ಎದುರು ವಾದದ ಪಾತ್ರ ವಹಿಸಿದೆ. ಅದು ಸಾರಾಂಶದಲ್ಲಿ ಇರಲೇಬೇಕು, ಹತ್ತು ನಿಮಿಷವಾಗಿ ಅಲ್ಲ, ಒಂದು ವಾಕ್ಯವಾಗಿ. ಅದೂ ‘ಹೀಗೊಂದು ಕಥೆಯಿದೆ, ಶಾಸನಗಳು ಬೇರೆ ಹೇಳುತ್ತವೆ’ ಎಂಬ ರೂಪದಲ್ಲಿ.

‘ಅಂತೆ’ ಕಳೆದುಹೋದಾಗ

ಕನ್ನಡದಲ್ಲಿ ಸಾರಾಂಶ ಬರೆಯುವವರಿಗೆ ಇನ್ನೊಂದು ಗಂಡಾಂತರವಿದೆ. ಕಂಡದ್ದಕ್ಕೂ ಕೇಳಿದ್ದಕ್ಕೂ ಇರುವ ವ್ಯತ್ಯಾಸವನ್ನು ಕನ್ನಡದ ಮಾತು ಒಂದು ಸಣ್ಣ ಬಾಲದಲ್ಲಿ ಹಿಡಿದಿಡುತ್ತದೆ. ‘ಬಂದನು’ ಎಂದರೆ ಹೇಳುವವನ ಹೊಣೆ. ‘ಬಂದನಂತೆ’ ಎಂದರೆ ಯಾರೋ ಹೇಳಿದ್ದು, ನನ್ನ ಹೊಣೆಯಲ್ಲ. ಅಡುಗೆಮನೆಯಿಂದ ನ್ಯಾಯಪಂಚಾಯಿತಿಯವರೆಗೆ ಈ ‘ಅಂತೆ’ ಎಷ್ಟು ಕೆಲಸ ಮಾಡುತ್ತದೆಂಬುದನ್ನು ಕನ್ನಡಿಗರಿಗೆ ವಿವರಿಸಬೇಕಿಲ್ಲ. ಆದರೆ ಆಡುಮಾತನ್ನು ಗ್ರಂಥಸ್ಥ ಕನ್ನಡಕ್ಕೆ ತಿರುಗಿಸುವಾಗ ‘ಅಂತೆ’ ಹಳ್ಳಿಯ ಮಾತೆಂದು ತೋರಿ ಮೊದಲು ಕತ್ತರಿ ಬೀಳುವುದು ಅದಕ್ಕೇ. ‘ಮೊಲ ನಾಯಿಗಳ ಮೇಲೆ ತಿರುಗಿಬಿತ್ತಂತೆ’ ಎಂಬುದು ‘ಮೊಲವು ನಾಯಿಗಳ ಮೇಲೆ ತಿರುಗಿಬಿದ್ದಿತು’ ಎಂದಾಗುತ್ತದೆ. ವ್ಯಾಕರಣ ಶುದ್ಧವಾಯಿತು, ಅರ್ಥ ಕೆಟ್ಟಿತು.

ಬಳ್ಳಾರಿ, ಹೊಸಪೇಟೆಯ ಕಡೆಯ ಮಾತಿನಲ್ಲಿ ತೊಡಕು ಇನ್ನೂ ಹೆಚ್ಚು. ಇಲ್ಲಿ ಅನೇಕರು ‘ಅಂತೆ’ ಎನ್ನದೆ ‘ಅಂತ’ ಎನ್ನುತ್ತಾರೆ: ‘ಬಂದಿದ್ನಂತ’, ‘ಕಟ್ಟಿಸಿದ್ನಂತ’. ‘ಎಂದು’ ಎಂಬುದಕ್ಕೂ ಬಾಯಲ್ಲಿ ಬರುವುದು ‘ಅಂತ’ವೇ. ‘ಗುಡಿ ಕಟ್ಟಿಸಿದ ಅಂತ ಶಾಸನ ಹೇಳ್ತದ’ ಎಂಬಲ್ಲಿ ಅದು ಆಧಾರವನ್ನು ತೋರಿಸುತ್ತದೆ. ‘ಗುಡಿ ಕಟ್ಟಿಸಿದ್ನಂತ’ ಎಂಬಲ್ಲಿ ಆಧಾರವಿಲ್ಲವೆಂದು ತೋರಿಸುತ್ತದೆ. ಅಕ್ಷರಕ್ಕಿಳಿಸಿದವನು ಪದಗಳ ನಡುವೆ ಜಾಗ ಬಿಡುವುದನ್ನು ತಪ್ಪಿದರೆ ಎರಡೂ ಒಂದೇ ಆಗಿಬಿಡುತ್ತವೆ. ಅನುಮಾನ ಬಂದ ಕಡೆ ಬರಹವನ್ನು ನಂಬದೆ ಧ್ವನಿಯನ್ನೇ ಮತ್ತೆ ಕೇಳಬೇಕು. ಸಾರಾಂಶದಲ್ಲಿ ‘ಅಂತೆ’ಯನ್ನು ಹಾಗೆಯೇ ಇಡಲು ಮನಸ್ಸಿಲ್ಲದಿದ್ದರೆ ‘ಐತಿಹ್ಯದ ಪ್ರಕಾರ’, ‘ಜನಪದರ ನಂಬಿಕೆಯಂತೆ’ ಎಂದು ಬರೆಯಲು ಅಡ್ಡಿಯಿಲ್ಲ. ಆದರೆ ಅದರ ಜಾಗ ಖಾಲಿಯಿರಬಾರದು.

ಹೆಸರುಗಳನ್ನೂ ಈ ಹಂತದಲ್ಲೇ ಸರಿಪಡಿಸಿಕೊಳ್ಳಬೇಕು. ಹರಿಹರ ಎಂದರೆ ಕವಿಯೂ ಆಗಬಹುದು, ಅರಸನೂ ಆಗಬಹುದು, ದಾವಣಗೆರೆಯ ಹತ್ತಿರದ ಊರೂ ಆಗಬಹುದು. ಕಂಪಿಲ ಅರಸ, ಕಂಪಿಲಿ ಅವನ ರಾಜ್ಯ, ಕಂಪ್ಲಿ ಇಂದಿನ ಊರು. ಸಭೆಯಲ್ಲಿ ಇವು ಗೊಂದಲ ಮಾಡುವುದಿಲ್ಲ. ನೂರೈವತ್ತು ಪದಗಳಲ್ಲಿ ಖಂಡಿತ ಮಾಡುತ್ತವೆ. ‘ಕವಿ ಹರಿಹರ’, ‘ಅರಸ ಹರಿಹರ’ ಎಂದು ಒಂದೊಂದು ಪದ ಹೆಚ್ಚು ಖರ್ಚು ಮಾಡುವುದು ದುಂದುಗಾರಿಕೆಯಲ್ಲ.

ಭಾಷಣ ಮುಗಿದ ಮೇಲಿನ ಮಾತು

ವರದಿಗಾರರು ಪುಸ್ತಕ ಮಡಚುವುದು ಚಪ್ಪಾಳೆಯ ಹೊತ್ತಿಗೆ. ಆದರೆ ಎಷ್ಟೋ ಉಪನ್ಯಾಸಗಳಲ್ಲಿ ವಾದದ ಎಲ್ಲೆ ಗೊತ್ತಾಗುವುದು ಪ್ರಶ್ನೋತ್ತರದಲ್ಲಿ. ನಮ್ಮ ಸಭೆಯಲ್ಲಿ ಒಬ್ಬರು ಎದ್ದು, ‘ಹರಿಹರ, ಬುಕ್ಕರು ಮೊದಲು ಕಂಪಿಲಿಯ ಸೇವೆಯಲ್ಲಿದ್ದರೇನ್ರಿ, ಹೊಯ್ಸಳರ ಕಡೆಯವರೇನ್ರಿ?’ ಎಂದು ಕೇಳುತ್ತಾರೆ. ಇದು ಇತಿಹಾಸಕಾರರು 20ನೆಯ ಶತಮಾನದುದ್ದಕ್ಕೂ ಕಾದಾಡಿದ ಪ್ರಶ್ನೆ. ವಿಜಯನಗರದ ಮೂಲ ಕನ್ನಡವೋ ತೆಲುಗೋ ಎಂಬ ಬಿಸಿಯೂ ಅದಕ್ಕೆ ಸೇರಿಕೊಂಡಿತ್ತು. ಉಪನ್ಯಾಸಕರು, ‘ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಅದ. ಅವರು ಎಲ್ಲಿಂದ ಬಂದರೂ ನನ್ನ ಮಾತು ಬದಲಾಗೂದಿಲ್ಲ. ನಾ ಹೇಳೂದು ಜಾಗದ ಬಗ್ಗೆ, ವಂಶದ ಬಗ್ಗೆ ಅಲ್ಲ’ ಎಂದು ಉತ್ತರಿಸುತ್ತಾರೆ.

ಒಂದು ತಾಸಿನ ಭಾಷಣದಲ್ಲಿ ಇದಕ್ಕಿಂತ ಬೆಲೆಯುಳ್ಳ ಮಾತಿಲ್ಲ. ಕಂಪಿಲಿಯ ಕಥೆಯನ್ನು ಅಷ್ಟು ವಿಸ್ತಾರವಾಗಿ ಹೇಳಿದ್ದರಿಂದ ಅವರು ಹರಿಹರ, ಬುಕ್ಕರನ್ನು ಕಂಪಿಲಿಯವರೆಂದು ವಾದಿಸಿದರೆಂದೇ ಯಾರಾದರೂ ಭಾವಿಸಬಹುದಾಗಿತ್ತು. ಈ ಉತ್ತರ ಆ ಬಾಗಿಲನ್ನು ಮುಚ್ಚಿತು. ಸಾರಾಂಶದಲ್ಲಿ ಇದಕ್ಕೆ ಒಂದು ವಾಕ್ಯ ಮೀಸಲಿಡದಿದ್ದರೆ ಮರುದಿನ ಉಪನ್ಯಾಸಕರು ತಾವು ಆಡದ ವಾದಕ್ಕೆ ಉತ್ತರ ಕೊಡುತ್ತಾ ಕೂರಬೇಕಾಗುತ್ತದೆ.

ಈಗ ಬರೆಯಬಹುದು. ಭಾಷಣದ ಕ್ರಮವನ್ನು ಬಿಟ್ಟು ವಾದದ ಕ್ರಮವನ್ನು ಹಿಡಿದರೆ ಸಾರಾಂಶ ಹೀಗಾಗುತ್ತದೆ:

‘ವಿಜಯನಗರವನ್ನು ನಿರ್ಜನ ಕಾಡಿನಲ್ಲಿ ಕಟ್ಟಲಿಲ್ಲ, ಅದು ಎದ್ದದ್ದು ಆಗಲೇ ಹೆಸರಾಗಿದ್ದ ಕ್ಷೇತ್ರದಲ್ಲಿ ಎಂಬುದು ಉಪನ್ಯಾಸಕರ ಮುಖ್ಯ ವಾದ. ಇದಕ್ಕೆ ಅವರು ಮೂರು ಆಧಾರ ಕೊಟ್ಟರು: 12ನೆಯ ಶತಮಾನದ ಕೊನೆಯ ಹೊತ್ತಿಗೇ ವಿರೂಪಾಕ್ಷನನ್ನು ಹೆಸರಿಸುವ ಶಾಸನ, ಸುಮಾರು ಅದೇ ಕಾಲದಲ್ಲಿ ಕವಿ ಹರಿಹರ ಹಂಪಿಯಲ್ಲಿದ್ದದ್ದು, 14ನೆಯ ಶತಮಾನದ ಆರಂಭದಲ್ಲಿ ಕಂಪಿಲಿಯ ಅರಸ ಕಂಪಿಲದೇವ ಹೇಮಕೂಟದಲ್ಲಿ ಕಟ್ಟಿಸಿದ ಶಿವಾಲಯ. ಸಮೀಪದ ಕಂಪ್ಲಿ 11ನೆಯ ಶತಮಾನದಿಂದಲೇ ಅಧಿಕಾರದ ನೆಲೆಯಾಗಿತ್ತು. ಆದರೆ ಹಂಪಿ ಆಗ ದೊಡ್ಡ ಪಟ್ಟಣವಾಗಿರಲಿಲ್ಲ. ಕ್ಷೇತ್ರದ ಹೆಸರಿನ ಜೊತೆಗೆ ನದಿ ಮತ್ತು ಬೆಟ್ಟಗಳ ರಕ್ಷಣೆಯೂ ಸೇರಿ ಅದು ರಾಜಧಾನಿಯಾಯಿತು. ಕಂಪಿಲಿಯ ಅರಸರೂ ಹೊಸಮಲೆಯಂಥ ದುರ್ಗಗಳನ್ನೇ ನೆಚ್ಚಿದ್ದರು. ನಾಯಿಗಳನ್ನು ಎದುರಿಸಿದ ಮೊಲದ ಐತಿಹ್ಯದಲ್ಲಿ ಊರೂ ಗುಡಿಯೂ ಇಲ್ಲದಿರುವುದು ಶಾಸನಗಳಿಗೆ ಹೊಂದುವುದಿಲ್ಲವೆಂದು ಅವರು ತೋರಿಸಿದರು. ಹರಿಹರ, ಬುಕ್ಕರ ಮೂಲವನ್ನು ಕುರಿತ ವಿವಾದಕ್ಕೂ ತಮ್ಮ ವಾದಕ್ಕೂ ಸಂಬಂಧವಿಲ್ಲವೆಂದು ಪ್ರಶ್ನೆಯೊಂದಕ್ಕೆ ಉತ್ತರಿಸಿದರು.’

ನೂರು ಪದಗಳ ಸುತ್ತಮುತ್ತ ಮುಗಿಯಿತು. ಬೆಲ್ಲ ಹೋಯಿತು, ಗಣಿ ಹೋಯಿತು, ಕುಮಾರರಾಮನ ಹಾಡೂ ಹೋಯಿತು. ಭಾಷಣ ಕೇಳಿದವರಿಗೆ ಇದು ನೀರಸವೆನಿಸಬಹುದು. ಆದರೆ ಕೇಳದವರು ಓದಿ ಉಪನ್ಯಾಸಕರನ್ನು ಒಪ್ಪಲೂ ಬಹುದು, ಎದುರಿಸಲೂ ಬಹುದು. ಎದುರಿಸಲು ಬರುವಂತಿದ್ದರೆ ಮಾತ್ರ ವಾದ ಉಳಿದುಕೊಂಡಿದೆ ಎಂದು ಅರ್ಥ. ಇದನ್ನು ಪರೀಕ್ಷಿಸಲು ಸಭೆಗೆ ಬಾರದ ಒಬ್ಬರಿಗೆ ಸಾರಾಂಶವನ್ನು ಕೊಟ್ಟು, ‘ಉಪನ್ಯಾಸಕರು ಹೀಗೇಕೆ ಹೇಳುತ್ತಾರೆ?’ ಎಂದು ಕೇಳಬೇಕು. ಅವರು ಕಾಗದ ನೋಡದೆ ಎರಡು ಕಾರಣ ಹೇಳಿದರೆ ಕೆಲಸ ಸರಿಯಾಗಿದೆ. ‘ಹಂಪಿ ಹಳೆಯದಂತೆ’ ಎಂದಷ್ಟೇ ಹೇಳಿದರೆ ಮತ್ತೆ ಕೂತು ಬರೆಯಬೇಕು.

ಜಿನೀವಾದ ಒಂದು ಪಾಠ

ಮಾತನ್ನು ಬರಹಕ್ಕೆ ತರುವಾಗ ಮಾತಾಡಿದವರು ಬದುಕಿದ್ದರೆ ಅದೊಂದು ಭಾಗ್ಯ. 1932ರಲ್ಲಿ ಧುಳೆಯ ಜೈಲಿನಲ್ಲಿ ವಿನೋಬಾ ಭಾನುವಾರಗಳಂದು ಗೀತೆಯನ್ನು ಕುರಿತು ಮಾತಾಡಿದಾಗ ಸಾನೆ ಗುರೂಜಿ ಬರೆದುಕೊಂಡರು. ಅದೇ ‘ಗೀತಾ ಪ್ರವಚನ’ವಾಗಿ ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಿಗೆ ಬಂತು. ಅಲ್ಲಿ ಕೇಳಿದವರೇ ಬರೆದರು, ಹೇಳಿದವರು ಜೊತೆಯಲ್ಲೇ ಇದ್ದರು.

ಜಿನೀವಾದ ಭಾಷಾವಿಜ್ಞಾನಿ ಸಸ್ಯೂರನ ವಿಷಯದಲ್ಲಿ ಹಾಗಾಗಲಿಲ್ಲ. ಆತ 1907ರಿಂದ 1911ರವರೆಗೆ ಸಾಮಾನ್ಯ ಭಾಷಾವಿಜ್ಞಾನದ ಪಾಠವನ್ನು ಮೂರು ಸಲ ಮಾಡಿದ. ಪ್ರತಿ ಸಲವೂ ಕ್ರಮ ಬೇರೆ, ಒತ್ತು ಬೇರೆ. 1913ರಲ್ಲಿ ತೀರಿಕೊಂಡ. ಬಾಯಿ ಮತ್ತು ಸೆಶೆಹಾಯೆ ಎಂಬ ಇಬ್ಬರು ಸಹೋದ್ಯೋಗಿಗಳು ವಿದ್ಯಾರ್ಥಿಗಳ ಟಿಪ್ಪಣಿಗಳನ್ನು ಕಲೆಹಾಕಿ, ಮೂರು ಪಾಠಗಳನ್ನು ಬೆಸೆದು 1916ರಲ್ಲಿ ಒಂದು ಪುಸ್ತಕ ಮಾಡಿದರು. 20ನೆಯ ಶತಮಾನದ ಭಾಷಾಚಿಂತನೆಯನ್ನೇ ಬದಲಿಸಿದ ಪುಸ್ತಕವದು. ಅವರು ಮಾಡದಿದ್ದರೆ ಆ ವಿಚಾರಗಳು ನೋಟ್‌ಬುಕ್ಕುಗಳಲ್ಲೇ ಉಳಿಯುತ್ತಿದ್ದವು. ಆದರೆ ಮುಂದೆ ವಿದ್ವಾಂಸರು ಆ ಟಿಪ್ಪಣಿಗಳನ್ನೇ ಹಿಡಿದು ಹೋಲಿಸಿದಾಗ ಒಂದು ಸಂಗತಿ ಹೊರಬಿತ್ತು. ಭಾಷೆಯನ್ನು ಅದರಷ್ಟಕ್ಕೆ ಅದನ್ನಾಗಿಯೇ ನೋಡಬೇಕೆಂಬ ಆ ಪುಸ್ತಕದ ಪ್ರಸಿದ್ಧವಾದ ಕೊನೆಯ ವಾಕ್ಯ ಯಾವ ವಿದ್ಯಾರ್ಥಿಯ ಟಿಪ್ಪಣಿಯಲ್ಲೂ ಇರಲಿಲ್ಲ. ಅದು ಸಂಪಾದಕರು ಸೇರಿಸಿದ್ದು. ದಶಕಗಳ ಕಾಲ ಜನ ಅದನ್ನು ಸಸ್ಯೂರನ ಕೊನೆಯ ಮಾತೆಂದೇ ಉದ್ಧರಿಸಿದ್ದರು.

ಸಾರಾಂಶ ಬರೆಯುವವನ ಕೈ ಜಾರುವುದು ಹೆಚ್ಚಾಗಿ ಈ ಜಾಗದಲ್ಲೇ. ಎಲ್ಲ ಆಧಾರವನ್ನೂ ಪ್ರಾಮಾಣಿಕವಾಗಿ ಎತ್ತಿಕೊಂಡ ಮೇಲೆ, ಕೊನೆಗೊಂದು ಗುಂಡಾದ ಮಾತು ಬೇಕೆನಿಸುತ್ತದೆ. ‘ಹೀಗೆ ಹಂಪಿಯೇ ವಿಜಯನಗರದ ತಾಯಿ’ ಎಂದು ಬರೆಯಲು ಬೆರಳು ತವಕಿಸುತ್ತದೆ. ನಲವತ್ತು ಪ್ಯಾರಾಗಳಲ್ಲಿ ಎಲ್ಲಿಯೂ ಉಪನ್ಯಾಸಕರು ಹಾಗೆ ಹೇಳಿಲ್ಲ. ಹೇಳಿದ್ದು ಕ್ಷೇತ್ರವಿತ್ತು, ಹೊಳೆಯಿತ್ತು, ಗುಡ್ಡವಿತ್ತು ಎಂದಷ್ಟೇ. ಸಾರಾಂಶದ ಪ್ರತಿ ವಾಕ್ಯದ ಪಕ್ಕದಲ್ಲೂ ಅದು ಬಂದ ಪ್ಯಾರಾದ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಬರೆಯುವ ಪದ್ಧತಿ ಇಂಥ ಕಡೆ ಕಾಪಾಡುತ್ತದೆ. ಸಂಖ್ಯೆ ಸಿಗದ ವಾಕ್ಯ ಎಷ್ಟೇ ಚೆಂದವಿದ್ದರೂ ಅದು ಬರೆದವನದು, ಮಾತಾಡಿದವರದಲ್ಲ. ಅದನ್ನು ಅಳಿಸಿದ ಮೇಲೆ ಉಳಿಯುವುದು ಉಪನ್ಯಾಸ.